11 ಸೆಂಟಿಮೀಟರಿನ ಈಚೆ, ಆಚೆ

ಕೋಲಾರದ ನಮ್ಮ ಮನೆ ತಾರಸಿ ಮೇಲೆ ಎರಡು ಭಾನುವಾರ ಕೂತು ಒಂದೇ ಪುಟ್ಟ ಡೈಪೋಲಿನ, ಅಂದರೆ ಎರಡು ತಂತಿಯ ಆಂಟೆನಾದ, ನಿಯರ್ ಫೀಲ್ಡು, ಫಾರ್ ಫೀಲ್ಡು ಎರಡನ್ನೂ ಅಳೆದೆ. ಆಂಟೆನಾದ ಹತ್ತಿರವೇ ಉಳಿಯುವ ಕ್ಷೇತ್ರ ನಿಯರ್ ಫೀಲ್ಡು, ಅಲೆಯಾಗಿ ದೂರ ಹೋಗುವುದು ಫಾರ್ ಫೀಲ್ಡು. ಗೇಟಿನ ರಿಮೋಟಲ್ಲಿ ಇರುತ್ತಲ್ಲ, ಆ ಥರದ 433 ಮೆಗಾಹರ್ಟ್ಸ್ ಮಾಡ್ಯೂಲು, ಎರಡು ಕಡೆ ಒಂದೂವರೆ ಸೆಂ.ಮೀ. ತಂತಿ. ತರಂಗಾಂತರ 69 ಸೆಂ.ಮೀ. ಅದನ್ನು 2π ಇಂದ ಭಾಗಿಸಿದರೆ 11 ಸೆಂ.ಮೀ. ಬರುತ್ತದೆ. ಎರಡರ ನಡುವಿನ ಗಡಿ ಸುಮಾರು ಅಲ್ಲೇ ಇರಬೇಕು.

ಮೊದಲ ಭಾನುವಾರ ಪೂರ್ತಿ ದಂಡ. ಯುಎಸ್‌ಬಿ ಕೇಬಲಿನಿಂದ ಕರೆಂಟು ಕೊಟ್ಟಿದ್ದೆ, ಆ ಕೇಬಲ್ಲೇ ಆಂಟೆನಾ ಆಗಿಬಿಟ್ಟಿತ್ತು. ಸಾಲದ್ದಕ್ಕೆ, ಸಿಗ್ನಲ್ ಜೋರಾದರೆ ತಾನೇ ತಗ್ಗಿಸುವ ರಿಸೀವರಿನ ಆಟೋ ಗೇನ್ ಆನ್ ಇತ್ತು, ಹತ್ತಿರ ತಂದರೂ ರೀಡಿಂಗ್ ಏರಲೇ ಇಲ್ಲ. ಮುಂದಿನ ವಾರ ಬಟನ್ ಸೆಲ್ ಹಾಕಿ, ಗೇನ್ ಕೈಯಲ್ಲೇ ಕಟ್ಟಿ, ಡೈಪೋಲಿನ ಪಕ್ಕದಿಂದ ಅಳೆದೆ. ತಂತಿಯ ತುದಿಯ ನೇರಕ್ಕೆ ನಿಂತರೆ ಪ್ರಸಾರವಾಗುವ ಅಲೆಯೇ ಸಿಗಲ್ಲ.

ಒಂದು ಸೆಂ.ಮೀ. ತಂತಿಯ ಪ್ರೋಬು ವಿದ್ಯುತ್ ಕ್ಷೇತ್ರ ಹಿಡಿಯುತ್ತದೆ. 5.5 ರಿಂದ 11 ಸೆಂ.ಮೀ.ಗೆ ಸರಿಸಿದಾಗ ಸಿಗ್ನಲ್ 15 ಡಿಬಿ ಬಿತ್ತು, ಲೆಕ್ಕದಲ್ಲಿ 17. 11 ರಿಂದ 22ಕ್ಕೆ 8, ಲೆಕ್ಕದಲ್ಲಿ 7. 22 ರಿಂದ 44ಕ್ಕೆ ಬರೀ 5! ದೂರ ದುಪ್ಪಟ್ಟಾದರೆ ಫಾರ್ ಫೀಲ್ಡಲ್ಲಿ 6 ಬೀಳಬೇಕಲ್ವಾ? ತಪ್ಪೇನಿಲ್ಲ, ಲೆಕ್ಕವೂ 5.4 ಅಂತಲೇ ಹೇಳುತ್ತದೆ. ದೂರದ ಘನಕ್ಕೆ ತಕ್ಕಂತೆ ಇಳಿಯುವ ಹತ್ತಿರದ ಪಾಲು, ದೂರಕ್ಕೆ ತಕ್ಕಂತೆ ಇಳಿಯುವ ಅಲೆಯ ಪಾಲು, ಇವೆರಡರ ಚಿಹ್ನೆ ವಿರುದ್ಧ. 11ರಲ್ಲಿ ಎರಡೂ ಸಮ, ಒಂದನ್ನೊಂದು ಹೊಡೆದುಹಾಕುತ್ತವೆ, ಉಳಿಯುವುದು ದೂರದ ವರ್ಗಕ್ಕೆ ತಕ್ಕಂತೆ ಇಳಿಯುವ ನಡುವಿನ ಪಾಲು ಮಾತ್ರ. ಅದನ್ನು ದಾಟಿದ ಮೇಲೆ ಹತ್ತಿರದ ಪಾಲಿನ ಕಾಟ ಕಳೆಯುತ್ತದೆ, ಹಾಗಾಗಿ ಸ್ವಲ್ಪ ದೂರ ಇಳಿತವೇ ಕಡಿಮೆ.

ಪುಟ್ಟ ಸುರುಳಿಯ ಪ್ರೋಬಿಂದ ಕಾಂತಕ್ಷೇತ್ರ ಅಳೆದರೆ ಈ ನಾಟಕ ಇಲ್ಲ. ಅದೇ ಮೂರು ಹೆಜ್ಜೆಗೆ 10, 8, 7, ಮೆಲ್ಲಗೆ ಇಳಿಯುತ್ತದೆ. ಕಾಂತಕ್ಷೇತ್ರದಲ್ಲಿ ಘನದ ಪಾಲೇ ಇಲ್ಲ. ಗಡಿ ಎಲ್ಲಿ ಅಂತ ಹುಡುಕೋಕೆ ನನಗೆ ತಂತಿಯ ಪ್ರೋಬೇ ಇಷ್ಟ, ಅದರಲ್ಲಿ ತಿರುವು ಎದ್ದು ಕಾಣುತ್ತದೆ.

ಅಂಕಿ ಬಿಟ್ಟರೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಪ್ರೋಬನ್ನು 4 ಸೆಂ.ಮೀ.ಗೆ ತಂದರೆ ಸ್ಕ್ರೀನಿನ ಮೇಲಿನ ಸಿಗ್ನಲ್ ಗೆರೆಯೇ ಚೂರು ಪಕ್ಕಕ್ಕೆ ಸರಿಯುತ್ತದೆ. ಅಲ್ಲಿನ ಶಕ್ತಿಯ ಬಹುಪಾಲು ತಂತಿಯಿಂದ ಆಚೆ ಹೋಗಿ ವಾಪಸ್ ಬರುತ್ತಿರುತ್ತದೆ, ಮಧ್ಯೆ ಕೈ ಹಾಕಿದರೆ ಟ್ರಾನ್ಸ್‌ಮಿಟರಿಗೆ ಗೊತ್ತಾಗುತ್ತದೆ. ಅರ್ಧ ಮೀಟರ್ ಆಚೆ ಏನು ಮಾಡಿದರೂ ಅದು ಕ್ಯಾರೇ ಅನ್ನಲ್ಲ. ಆದರೆ ಎರಡು ಮೀಟರ್ ದಾಟಿದ ಮೇಲೆ ತಾರಸಿಯಿಂದ ಪುಟಿದ ಅಲೆ ಸೇರಿ ರೀಡಿಂಗ್ ಏರಿಳಿಯಿತು, ಅವನ್ನು ಬಿಟ್ಟೆ.

ಈ 11ರ ಲೆಕ್ಕ ಸಣ್ಣ ಡೈಪೋಲಿಗೆ ಮಾತ್ರ, ದೊಡ್ಡ ಡಿಶ್ಶಿಗೆ ಆಗಲ್ಲ. ರಿಮೋಟಿನ ರೇಂಜ್ ನೋಡೋರು ಟೇಬಲ್ ಮೇಲೆ 5.5 ಸೆಂ.ಮೀ.ಲಿ ಅಳೆದು, ಅಲ್ಲಿಂದ ದುಪ್ಪಟ್ಟಿಗೆ 6 ಡಿಬಿ ಅಂತ ಹಿಡಿದರೆ, 100 ಮೀಟರ್ ಮುಟ್ಟುವ ರಿಮೋಟು ಕಾಗದದ ಮೇಲೆ 360 ಮೀಟರ್ ಮುಟ್ಟುತ್ತದೆ. ಅರ್ಧ ಮೀಟರಲ್ಲಿ ಅಳೆದರೆ ಆ ಮೋಸ ಹೆಚ್ಚುಕಮ್ಮಿ ಇರಲ್ಲ.