ಲಗ್ನಪತ್ರಿಕೆ: ಎರಡೂ ಭಾಷೆ ಒಂದೇ ಪುಟದಲ್ಲೋ, ಎದುರುಬದುರು ಪುಟಗಳಲ್ಲೋ?

ಹುಬ್ಬಳ್ಳಿಯಲ್ಲಿ ನಡೆಯುವ ಮಗಳ ಮದುವೆಗೆ ಕನ್ನಡ ಮತ್ತು ಇಂಗ್ಲಿಷ್ ಪಠ್ಯಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಅಚ್ಚು ಹಾಕಿಸಬೇಕೋ, ಮಡಿಕೆ ಕಾರ್ಡಿನ ಎರಡು ಒಳಪುಟಗಳಲ್ಲೋ ಎಂದು ಕೇಳಿದ್ದೀರಿ.

ಖರ್ಚಿನಲ್ಲಿ ಒಂಟಿ ಹಾಳೆಯೇ ಅಗ್ಗ. ವಾಟ್ಸಾಪಿಗೂ ಒಂದೇ ಚಿತ್ರ ಸಾಕು.

ತೊಡಕಿರುವುದು ಜಾಗದಲ್ಲಿ. ನಮ್ಮ ಕಡೆಯ ಕನ್ನಡ ಒಕ್ಕಣೆಯಲ್ಲಿ ಶಾಲಿವಾಹನ ಶಕೆ, ಮಾಸ, ತಿಥಿ, ಅಕ್ಷತಾರೋಪಣದ ಮುಹೂರ್ತ, ಹಿರಿಯರ ಹೆಸರು, ‘ಸಹಕುಟುಂಬ ಸಹಪರಿವಾರ ಸಮೇತರಾಗಿ’ ಎಂಬ ಕರೆ ಎಲ್ಲವೂ ಬರುತ್ತವೆ; ಇಂಗ್ಲಿಷಿಗೆ ತಾರೀಖು, ವೇಳೆ, ಸ್ಥಳ, ಹೆಸರುಗಳಿದ್ದರೆ ಸಾಕು. ಹೀಗಾಗಿ ಅಕ್ಕಪಕ್ಕ ಇಟ್ಟಾಗ ಕನ್ನಡದ ಕಾಲಂ ಇಕ್ಕಟ್ಟಾಗಿ, ಸಾಲುಗಳ ನಡುವೆ ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಗಲುತ್ತದೆ. ಹಿರಿಯರ ಹೆಸರು ಹೆಚ್ಚಿರುವ ಕೂಡುಕುಟುಂಬಕ್ಕೆ ಮಡಿಕೆ ಕಾರ್ಡೇ ಸರಿ.

ಆದರೆ ತಪ್ಪು ಹಿಡಿಯಲು ಅಕ್ಕಪಕ್ಕದ ಜೋಡಣೆಯೇ ಅನುಕೂಲ. ಕನ್ನಡದಲ್ಲಿ ‘ಮಧ್ಯಾಹ್ನ 12-25ಕ್ಕೆ’ ಎಂದಿದ್ದು, ಇಂಗ್ಲಿಷಿನಲ್ಲಿ ‘12.25 ಎ.ಎಂ.’ ಎಂದಾದರೆ ಅದು ನಡುರಾತ್ರಿಯಾಗುತ್ತದೆ. ಎರಡೂ ಕಣ್ಣೆದುರಿದ್ದರೆ ಪ್ರೂಫಿನಲ್ಲೇ ಸಿಗುತ್ತದೆ. ಮಡಿಕೆ ಕಾರ್ಡು ಆರಿಸಿದರೆ ಒಬ್ಬರು ಕನ್ನಡ ಓದುವಾಗ ಇನ್ನೊಬ್ಬರು ಇಂಗ್ಲಿಷನ್ನು ತಾಳೆ ನೋಡಲಿ. ಹೆಸರು ಕಡಿಮೆಯಿದ್ದು, ಬೆಂಗಳೂರು, ಪುಣೆಯ ಬಳಗವೇ ಹೆಚ್ಚಿದ್ದರೆ ಒಂಟಿ ಹಾಳೆ ಸಾಕು.