ಎಂಟು ಬೋರ್ಡು, ಎರಡು ತಂತಿ: ಆರ್‌ಎಸ್-485 ಮತ್ತು ಕ್ಯಾನ್ ಬಸ್ ಎರಡನ್ನೂ ಒಂದೇ ಯಂತ್ರದಲ್ಲಿ ಓಡಿಸಿ ನೋಡಿದಾಗ

ಯಂತ್ರ ಒಂದೇ. ಎಂಟು ಮೋಟರು, ಪ್ರತಿ ಮೋಟರಿಗೂ ಒಂದು ಪುಟ್ಟ ಕಂಟ್ರೋಲ್ ಬೋರ್ಡು, ಎಲ್ಲವನ್ನೂ ನೋಡಿಕೊಳ್ಳುವ ಒಂದು ಮುಖ್ಯ ಬೋರ್ಡು. ಇವೆಲ್ಲ ಸುಮಾರು 30 ಮೀಟರ್ ಉದ್ದದ ಒಂದು ಜೋಡಿ ತಂತಿಯ ಮೇಲೆ ಮಾತಾಡಬೇಕು. ಮೊದಲು ಆರ್‌ಎಸ್-485 ತಂತಿಯ ಮೇಲೆ ಮಾಡ್‌ಬಸ್ ಆರ್‌ಟಿಯು ಓಡಿಸಿದೆ. ಆಮೇಲೆ ಅದೇ ತಂತಿಯಲ್ಲಿ ಕ್ಯಾನ್ ಬಸ್. ನನಗೆ ಬೇಕಿದ್ದ ಉತ್ತರ ಒಂದೇ. ಐದನೇ ಮೋಟರಿನ ಲಿಮಿಟ್ ಸ್ವಿಚ್ ಒತ್ತಿಕೊಂಡರೆ, ಆ ಸುದ್ದಿ ಮುಖ್ಯ ಬೋರ್ಡಿಗೆ ಎಷ್ಟು ಹೊತ್ತಿನಲ್ಲಿ ತಲುಪುತ್ತದೆ? ಆಸಿಲೋಸ್ಕೋಪಿನ ಒಂದು ಪ್ರೋಬನ್ನು ಸ್ವಿಚ್ಚಿಗೆ, ಇನ್ನೊಂದನ್ನು ಮುಖ್ಯ ಬೋರ್ಡಿನ ಒಂದು ಪಿನ್ನಿಗೆ ಹಾಕಿ ಅಳೆದೆ.

ಮಾಡ್‌ಬಸ್‌ನಲ್ಲಿ ಯಾರೂ ತಾವಾಗಿ ಮಾತಾಡುವ ಹಾಗಿಲ್ಲ. ಮುಖ್ಯ ಬೋರ್ಡು ಒಬ್ಬೊಬ್ಬರನ್ನೇ ಕೇಳಬೇಕು, ಕೇಳಿಸಿಕೊಂಡವರು ಉತ್ತರ ಕೊಡಬೇಕು. ವೇಗ 115200 ಬಾಡ್ ಇಟ್ಟಿದ್ದೆ. ಪ್ರಶ್ನೆ 8 ಬೈಟ್, ಉತ್ತರ 7 ಬೈಟ್. ಬೈಟುಗಳಿಗೆ ಹಿಡಿಯುವುದು ಒಂದೂವರೆ ಮಿಲಿಸೆಕೆಂಡಿಗಿಂತ ಕಮ್ಮಿ. ಆದರೆ ಒಂದು ಸಂದೇಶ ಮುಗಿಯಿತು ಅಂತ ಗೊತ್ತಾಗಲು ಪ್ರತಿ ಸಲ ತಂತಿ 1.75 ಮಿಲಿಸೆಕೆಂಡು ಸುಮ್ಮನಿರಬೇಕು. ಬೋರ್ಡು ಯೋಚಿಸುವ ಹೊತ್ತನ್ನೂ ಸೇರಿಸಿದರೆ ಒಬ್ಬರಿಗೆ ಸುಮಾರು 5.5 ಮಿಲಿಸೆಕೆಂಡು. ಎಂಟು ಜನರನ್ನು ಒಂದು ಸುತ್ತು ಕೇಳಿ ಬರಲು 44 ಮಿಲಿಸೆಕೆಂಡು. ಐದನೇ ಬೋರ್ಡನ್ನು ಕೇಳಿ ಮುಂದೆ ಹೋದ ತಕ್ಷಣ ಸ್ವಿಚ್ ಒತ್ತಿದರೆ, ಆ ಬೋರ್ಡು ತನ್ನ ಸರದಿ ಮತ್ತೆ ಬರುವವರೆಗೆ ಸುದ್ದಿಯನ್ನು ಇಟ್ಟುಕೊಂಡು ಕಾಯುತ್ತದೆ.

ಆಮೇಲೆ ಮೂರನೇ ಬೋರ್ಡಿನ ಕರೆಂಟ್ ತೆಗೆದೆ. ಮುಖ್ಯ ಬೋರ್ಡು ಅದರ ಉತ್ತರಕ್ಕಾಗಿ 100 ಮಿಲಿಸೆಕೆಂಡು ಕಾದು, ಆಮೇಲೆ ಮುಂದೆ ಹೋಯಿತು. ಒಂದು ಸುತ್ತು 140 ಮಿಲಿಸೆಕೆಂಡು ಮುಟ್ಟಿತು. ಕೆಟ್ಟಿದ್ದು ಮೂರನೆಯದು, ತಡವಾಗಿದ್ದು ಐದನೆಯದಕ್ಕೆ. ನನಗೆ ನಿಜಕ್ಕೂ ಚುಚ್ಚಿದ್ದು ಇದು.

ಹಾಗಾದರೆ ಆರ್‌ಎಸ್-485ರಲ್ಲೇ ಎಲ್ಲರೂ ಬೇಕಾದಾಗ ಮಾತಾಡಲಿ ಅಂತ ಬಿಟ್ಟರೆ? ಅದನ್ನೂ ನೋಡಿದೆ. ಇಬ್ಬರು ಒಟ್ಟಿಗೆ ಶುರು ಮಾಡಿದರೆ ಒಂದು ಚಿಪ್ ತಂತಿಯನ್ನು ಒಂದು ಕಡೆಗೆ ಎಳೆಯುತ್ತದೆ, ಇನ್ನೊಂದು ಚಿಪ್ ಅಷ್ಟೇ ಜೋರಾಗಿ ಇನ್ನೊಂದು ಕಡೆಗೆ. ನಡುವೆ ಅರ್ಥವಿಲ್ಲದ ವೋಲ್ಟೇಜ್. ಇಬ್ಬರ ಸಂದೇಶವೂ ಹಾಳು. ಮತ್ತೆ ಕಳಿಸಬೇಕು, ಮತ್ತೆ ಡಿಕ್ಕಿಯಾಗಬಹುದು. ಕೆಲಸ ಜಾಸ್ತಿ ಇರುವ ಹೊತ್ತಿನಲ್ಲೇ ಡಿಕ್ಕಿಯೂ ಜಾಸ್ತಿ. ಒಂದು ಸಂಜೆಯಲ್ಲೇ ಕೈಬಿಟ್ಟೆ.

ಕ್ಯಾನ್ ಬೇರೆಯಾಗುವುದು ಸರಿಯಾಗಿ ಇಲ್ಲೇ. ಅದರಲ್ಲಿ 0 ಮತ್ತು 1 ಸರಿಸಮ ಅಲ್ಲ. 0 ಕಳಿಸುವವನು ಎರಡು ತಂತಿಗಳನ್ನು ಬಲವಾಗಿ ಬೇರೆ ಮಾಡುತ್ತಾನೆ. ಕ್ಯಾನ್-ಹೈ ಸುಮಾರು 3.5 ವೋಲ್ಟಿಗೆ ಏರುತ್ತದೆ, ಕ್ಯಾನ್-ಲೋ 1.5ಕ್ಕೆ ಇಳಿಯುತ್ತದೆ. 1 ಕಳಿಸುವವನು ಏನನ್ನೂ ಎಳೆಯುವುದಿಲ್ಲ, ಸುಮ್ನೆ ಕೈ ಬಿಡುತ್ತಾನೆ. ಆಗ ತುದಿಯ ರೆಸಿಸ್ಟರುಗಳು ಎರಡೂ ತಂತಿಯನ್ನು 2.5 ವೋಲ್ಟಿನ ಹತ್ತಿರ ಸೇರಿಸಿಬಿಡುತ್ತವೆ. ಅಂದರೆ ಯಾರಾದರೂ ಒಬ್ಬ 0 ಹೇಳಿದರೆ ತಂತಿಯ ಮೇಲೆ 0. ಎಲ್ಲರೂ 1 ಹೇಳಿದರೆ ಮಾತ್ರ 1. ಅದಕ್ಕೇ 0ಗೆ ಡಾಮಿನೆಂಟ್, 1ಕ್ಕೆ ರಿಸೆಸಿವ್ ಅಂತ ಹೆಸರು.

ಕ್ಯಾನ್ ಫ್ರೇಮ್ ಶುರುವಾಗುವುದು ಒಂದು 0 ಬಿಟ್‌ನಿಂದ. ಅದರ ಹಿಂದೆಯೇ 11 ಬಿಟ್‌ಗಳ ಐಡಿ. ಆಮೇಲೆ ಡೇಟಾ ಎಷ್ಟು ಬೈಟ್ ಅಂತ ಹೇಳುವ 4 ಬಿಟ್, ಹೆಚ್ಚೆಂದರೆ 8 ಬೈಟ್ ಡೇಟಾ, ದಾರಿಯಲ್ಲಿ ತಪ್ಪಾಯಿತೇ ಅಂತ ಪರೀಕ್ಷಿಸಲು 15 ಬಿಟ್‌ಗಳ ಸಿಆರ್‌ಸಿ, ಸರಿಯಾಗಿ ಕೇಳಿಸಿತು ಅಂತ ಬೇರೆಯವರು ಒಪ್ಪಿಗೆ ಹಾಕುವ ಒಂದು ಬಿಟ್ ಜಾಗ. ಐಡಿ ಮೊದಲೇ ಬರುವುದು ಬರೀ ಹೆಸರು ಹೇಳಲು ಅಲ್ಲ, ಯಾರು ಮುಂದೆ ಹೋಗಬೇಕು ಅನ್ನುವುದನ್ನು ತೀರ್ಮಾನಿಸಲು. ಇದೇ ಆರ್ಬಿಟ್ರೇಷನ್.

ನನ್ನ ಯಂತ್ರದಲ್ಲಿ ಕ್ಯಾನ್‌ಓಪನ್ ಪದ್ಧತಿಯಂತೆ ನಂಬರ್ ಕೊಟ್ಟಿದ್ದೆ. ಮೋಟರಿನ ಜಾಗ ಹೇಳುವ ಫ್ರೇಮಿಗೆ 0x180 ಕೂಡಿಸು ಬೋರ್ಡ್ ನಂಬರ್. ತುರ್ತು ಸುದ್ದಿಗೆ 0x080 ಕೂಡಿಸು ಬೋರ್ಡ್ ನಂಬರ್. ಈಗ ಐದನೇ ಬೋರ್ಡಿನ ತುರ್ತು ಸುದ್ದಿ, ಎರಡು ಮತ್ತು ಆರನೇ ಬೋರ್ಡುಗಳ ಮಾಮೂಲಿ ಸುದ್ದಿ ಒಂದೇ ಕ್ಷಣಕ್ಕೆ ಹೊರಟವು ಅಂದುಕೊಳ್ಳಿ.

```
0x085   000 1000 0101
0x182   001 1000 0010
0x186   001 1000 0110
```

ಎಡಗಡೆಯಿಂದ ನೋಡಿ. ಮೊದಲ ಎರಡು ಬಿಟ್ ಮೂವರದ್ದೂ 0, ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ಮೂರನೇ ಬಿಟ್‌ನಲ್ಲಿ 0x085 ಹೇಳುವುದು 0, ಉಳಿದಿಬ್ಬರು 1. ತಂತಿಯ ಮೇಲೆ 0 ಕಾಣುತ್ತದೆ. ಪ್ರತಿಯೊಬ್ಬರೂ ಕಳಿಸುತ್ತಲೇ ತಂತಿಯನ್ನು ಓದುತ್ತಿರುತ್ತಾರೆ. ತಾನು 1 ಬಿಟ್ಟೆ, ಕಂಡಿದ್ದು 0, ಅಂದರೆ ನನಗಿಂತ ಮುಖ್ಯವಾದವರು ಇದ್ದಾರೆ ಅಂತ ಆ ಇಬ್ಬರೂ ಅಲ್ಲೇ ನಿಲ್ಲಿಸಿ ಬರೀ ಕೇಳಲು ಶುರು ಮಾಡುತ್ತಾರೆ. 0x085ಗೆ ಪೈಪೋಟಿ ನಡೆದಿದ್ದೇ ಗೊತ್ತಾಗುವುದಿಲ್ಲ. ಅದರ ಒಂದು ಬಿಟ್ ಕೂಡ ಹಾಳಾಗಿಲ್ಲ, ಒಂದು ಮೈಕ್ರೋಸೆಕೆಂಡೂ ವ್ಯರ್ಥವಾಗಿಲ್ಲ. ಅದು ಮುಗಿದ ಮೇಲೆ ಉಳಿದಿಬ್ಬರು ಮತ್ತೆ ಶುರು ಮಾಡುತ್ತಾರೆ. ಒಂಬತ್ತನೇ ಬಿಟ್‌ನಲ್ಲಿ 0x182 ಗೆಲ್ಲುತ್ತದೆ. ಚಿಕ್ಕ ನಂಬರ್ ಯಾವಾಗಲೂ ಮುಂದೆ.

ಹಾಗಾದರೆ ತುರ್ತು ಸುದ್ದಿ ಎಷ್ಟು ಕಾಯಬೇಕು? ಅದಕ್ಕಿಂತ ಚಿಕ್ಕ ನಂಬರ್ ಪೈಪೋಟಿಗೆ ಇಲ್ಲದಿದ್ದರೆ, ಆಗಲೇ ಹೊರಟಿರುವ ಒಂದು ಫ್ರೇಮ್ ಮುಗಿಯುವವರೆಗೆ, ಅಷ್ಟೇ. 8 ಬೈಟ್ ಡೇಟಾದ ಫ್ರೇಮ್, ನಡುವೆ ತುರುಕುವ ಸ್ಟಫ್ ಬಿಟ್‌ಗಳೂ ಸೇರಿ, ಅತಿ ಹೆಚ್ಚೆಂದರೆ 135 ಬಿಟ್. ನನ್ನ ವೇಗ ಸೆಕೆಂಡಿಗೆ 250 ಕಿಲೋಬಿಟ್. ಅಂದರೆ 0.54 ಮಿಲಿಸೆಕೆಂಡು ಕಾಯುವುದು, ತಾನು ಹೋಗಲು ಇನ್ನೊಂದು 0.54. ಒಟ್ಟು 1.1 ಮಿಲಿಸೆಕೆಂಡು. ಮೂರನೇ ಬೋರ್ಡು ಸತ್ತಿದ್ದರೂ ಇಷ್ಟೇ, ಯಾಕೆಂದರೆ ಅದರ ಉತ್ತರಕ್ಕೆ ಇಲ್ಲಿ ಯಾರೂ ಕಾಯುತ್ತಿಲ್ಲ.

ಆದರೆ ಅಳೆದಾಗ ಕೆಲವು ಸಲ 3 ಮಿಲಿಸೆಕೆಂಡು ಬಂತು. ಎರಡು ದಿನ ತಲೆ ಕೆಡಿಸಿಕೊಂಡೆ. ತಪ್ಪು ತಂತಿಯಲ್ಲಿ ಇರಲಿಲ್ಲ, ಐದನೇ ಬೋರ್ಡಿನ ಒಳಗಿತ್ತು. ನನ್ನ ಯಂತ್ರದಲ್ಲಿ ಮುಖ್ಯ ಬೋರ್ಡು 0x080 ಅನ್ನುವ ಸಿಂಕ್ ಫ್ರೇಮ್ ಕಳಿಸುತ್ತದೆ. ಅದು ಬಂದ ಕೂಡಲೇ ಎಂಟೂ ಬೋರ್ಡುಗಳು ತಮ್ಮ ಮೋಟರಿನ ಜಾಗ ಹೇಳಲು ಸಾಲು ನಿಲ್ಲುತ್ತವೆ. ಐದನೇ ಬೋರ್ಡಿನ 0x185 ಕ್ಯಾನ್ ಚಿಪ್ಪಿನ ಸಾಲಿನಲ್ಲಿ ನಿಂತಿದೆ, ಅದರ ಹಿಂದೆ ತುರ್ತಿನ 0x085 ಬಂದು ನಿಲ್ಲುತ್ತದೆ. ಚಿಪ್ಪನ್ನು ನಾನು ಬಂದ ಕ್ರಮದಲ್ಲೇ ಕಳಿಸುವಂತೆ ಇಟ್ಟಿದ್ದೆ. ಹಾಗಾಗಿ 0x181ರಿಂದ 0x184ರವರೆಗೆ ನಾಲ್ಕು ಫ್ರೇಮ್, ಆಮೇಲೆ 0x185, ಅದಾದ ಮೇಲೆ 0x085. ಆರು ಫ್ರೇಮ್, ಒಂದೊಂದಕ್ಕೆ ಸುಮಾರು ಅರ್ಧ ಮಿಲಿಸೆಕೆಂಡು, ಲೆಕ್ಕ ಸರಿಹೋಯಿತು. ತಂತಿಯ ಮೇಲೆ ಐಡಿಗೆ ಬೆಲೆ ಇದ್ದರೆ ಸಾಲದು, ಬೋರ್ಡಿನ ಒಳಗಿನ ಸಾಲಿನಲ್ಲೂ ಇರಬೇಕು. ಐಡಿ ಪ್ರಕಾರ ಕಳಿಸುವಂತೆ ಸೆಟ್ಟಿಂಗ್ ಬದಲಿಸಿದ ಮೇಲೆ 1.1 ದಾಟಿದ್ದು ಕಾಣಲಿಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ಕಳ್ಳ ಸ್ವಭಾವದ್ದು. ಏಳನೇ ಬೋರ್ಡು ಬದಲಿಸುವಾಗ ತಪ್ಪಿ ಅದಕ್ಕೂ ಆರನೇ ನಂಬರ್ ಕೊಟ್ಟಿದ್ದೆ. ಯಂತ್ರ ನಿಂತಿದ್ದಾಗ ಎಲ್ಲ ಚೆನ್ನಾಗಿತ್ತು. ಮೋಟರು ತಿರುಗಲು ಶುರುವಾದ ತಕ್ಷಣ ದೋಷಗಳ ಮಳೆ. ಕಾರಣ ಹೀಗೆ. ಇಬ್ಬರೂ 0x186 ಕಳಿಸುತ್ತಾರೆ, 0x185 ಮುಗಿದ ಕೂಡಲೇ ಒಟ್ಟಿಗೆ ಶುರು ಮಾಡುತ್ತಾರೆ, ಐಡಿಯಲ್ಲಿ ಇಬ್ಬರೂ ಗೆಲ್ಲುತ್ತಾರೆ. ನಿಂತಿದ್ದಾಗ ಇಬ್ಬರ ಡೇಟಾ ಕೂಡ ಸೊನ್ನೆ, ಬಿಟ್‌ಗಳೆಲ್ಲ ಒಂದೇ, ತಂತಿಯ ಮೇಲೆ ಎರಡು ಫ್ರೇಮ್ ಬೆರೆತು ಒಂದಾಗಿ ಕಾಣುತ್ತದೆ. ತಿರುಗಿದಾಗ ಡೇಟಾ ಬೇರೆಯಾಗುತ್ತದೆ. ಐಡಿ ಮುಗಿದ ಮೇಲೆ 1 ಕಳಿಸಿ 0 ಕಂಡರೆ ಅದು ಸೋಲಲ್ಲ, ದೋಷ. ಫ್ರೇಮನ್ನು ಮುರಿದು ಮತ್ತೆ ಕಳಿಸುತ್ತಾರೆ, ಮತ್ತೆ ಡಿಕ್ಕಿ. ಪ್ರತಿ ಸಲ ಕಳಿಸುವವರ ದೋಷದ ಎಣಿಕೆ 8 ಏರುತ್ತದೆ. 128 ಮುಟ್ಟಿದರೆ ಬೋರ್ಡು ಬೇರೆಯವರ ಫ್ರೇಮ್ ಮುರಿಯುವ ಹಕ್ಕು ಕಳೆದುಕೊಳ್ಳುತ್ತದೆ. 256 ಮುಟ್ಟಿದರೆ ಬಸ್‌ನಿಂದಲೇ ಹೊರಗೆ. ಕೆಟ್ಟ ಬೋರ್ಡೊಂದು ಎಲ್ಲರನ್ನೂ ಕೆಡಿಸದಿರಲಿ ಅಂತ ಈ ಏರ್ಪಾಡು.

ಪತ್ತೆ ಮಾಡಿದ್ದು ಲ್ಯಾಪ್‌ಟಾಪ್ ಹಾಕಿ.

```
ip link set can0 up type can bitrate 250000
candump can0
```

ನಿಂತ ಯಂತ್ರದಲ್ಲೇ ನೋಡಿದರೆ ಸಾಕಿತ್ತು. 186 ಇದೆ, 188 ಇದೆ, 187 ಎಲ್ಲೂ ಇಲ್ಲ. ಇದಕ್ಕೂ ಮುಂಚೆ ಕರೆಂಟ್ ತೆಗೆದು ಎರಡು ತಂತಿಗಳ ನಡುವೆ ಮೀಟರ್ ಇಟ್ಟಿದ್ದೆ. 60 ಓಮ್ ಬಂದರೆ ಎರಡೂ ತುದಿಯ 120 ಓಮ್ ರೆಸಿಸ್ಟರುಗಳು ಇವೆ ಅಂತ ಅರ್ಥ. 120 ಬಂದರೆ ಒಂದು ಕಾಣೆ.

ವಾಹನದವರಿಗೆ ಇದು ಯಾಕೆ ಬೇಕಾಯಿತು ಅನ್ನುವುದು ಈ ಯಂತ್ರದಿಂದಲೇ ನನಗೆ ಸರಿಯಾಗಿ ಅರ್ಥವಾಯಿತು. ಬಾಷ್ ಕಂಪನಿ 1983ರಲ್ಲಿ ಕೆಲಸ ಶುರು ಮಾಡಿ 1986ರಲ್ಲಿ ಕ್ಯಾನ್ ಅನ್ನು ಹೊರಗೆ ತಂದಿತು. ಎಂಜಿನ್ ಎಷ್ಟು ಸುತ್ತುತ್ತಿದೆ ಅನ್ನುವುದು ಗೇರ್‌ಬಾಕ್ಸಿಗೂ ಬೇಕು, ಡ್ಯಾಶ್‌ಬೋರ್ಡಿಗೂ ಬೇಕು. ಒಬ್ಬೊಬ್ಬರಿಗೂ ಬೇರೆ ತಂತಿ ಎಳೆದರೆ ತಂತಿಯ ಹೊರೆ ಬೆಳೆಯುತ್ತಲೇ ಹೋಗುತ್ತದೆ. ಕ್ಯಾನ್‌ನ ಐಡಿ ಯಾರ ವಿಳಾಸವೂ ಅಲ್ಲ, ಒಳಗೆ ಏನಿದೆ ಅನ್ನುವುದರ ಹೆಸರು. ಎಲ್ಲರೂ ಕೇಳುತ್ತಾರೆ, ಬೇಕಾದವರು ತಗೊಳ್ಳುತ್ತಾರೆ. ನಾನು ಆಮೇಲೆ ಒಂದು ಡಿಸ್‌ಪ್ಲೇ ಸೇರಿಸಿದಾಗ ಬೇರೆ ಯಾವ ಬೋರ್ಡಿನ ಪ್ರೋಗ್ರಾಮನ್ನೂ ಮುಟ್ಟಲಿಲ್ಲ. ಮಾಡ್‌ಬಸ್‌ನಲ್ಲಾದರೆ ಮುಖ್ಯ ಬೋರ್ಡೇ ಅದಕ್ಕೆ ಎಲ್ಲವನ್ನೂ ದಾಟಿಸಬೇಕಿತ್ತು.

ಕ್ಯಾನ್‌ಗೂ ಮಿತಿ ಇದೆ, ಅದು ಆರ್ಬಿಟ್ರೇಷನ್‌ನಿಂದಲೇ ಬಂದಿದ್ದು. ಒಂದು ತುದಿಯವನ 0 ಇನ್ನೊಂದು ತುದಿಗೆ ಹೋಗಿ, ಅಲ್ಲಿಯವನ 0 ಇಲ್ಲಿಗೆ ಬರುವುದು ಒಂದೇ ಬಿಟ್‌ನ ಹೊತ್ತಿನಲ್ಲಿ ಮುಗಿಯಬೇಕು. ತಂತಿಯಲ್ಲಿ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡು ಹಿಡಿಯುತ್ತದೆ. ಹಾಗಾಗಿ 250 ಕಿಲೋಬಿಟ್‌ಗೆ ಸುಮಾರು 250 ಮೀಟರ್, 1 ಮೆಗಾಬಿಟ್‌ಗೆ 40 ಮೀಟರ್ ಅಷ್ಟೇ. ಆರ್‌ಎಸ್-485 ಕಮ್ಮಿ ವೇಗದಲ್ಲಿ 1200 ಮೀಟರ್ ಹೋಗುತ್ತದೆ. ಇನ್ನೊಂದು, ದೊಡ್ಡ ನಂಬರಿನವರು ಹಸಿದು ಕೂರಬಹುದು. ನನ್ನ ಎಂಟು ಬೋರ್ಡು ಸೆಕೆಂಡಿಗೆ 100 ಸಲ ಕಳಿಸಿದರೆ 800 ಫ್ರೇಮ್, ಹೆಚ್ಚೆಂದರೆ 1,08,000 ಬಿಟ್. ಬಸ್‌ನ 43 ಶೇಕಡಾ. ಇದು ಆರಾಮ. ಸೆಕೆಂಡಿಗೆ 250 ಸಲ ಮಾಡಿದ್ದರೆ ಲೆಕ್ಕದ ಪ್ರಕಾರ ಬಸ್ ತುಂಬಿ ಮೀರುತ್ತಿತ್ತು, ಎಂಟನೇ ಬೋರ್ಡಿಗೆ ಸರದಿಯೇ ಸಿಗದ ಹೊತ್ತು ಬರುತ್ತಿತ್ತು.

ಮೋಟರುಗಳನ್ನೆಲ್ಲ ಕ್ಯಾನ್‌ಗೆ ಹಾಕಿಬಿಟ್ಟೆ. ದೂರದಲ್ಲಿರುವ ಕರೆಂಟ್ ಮೀಟರನ್ನು ಮಾತ್ರ ಮಾಡ್‌ಬಸ್‌ನಲ್ಲೇ ಉಳಿಸಿಕೊಂಡಿದ್ದೇನೆ. ಸೆಕೆಂಡಿಗೊಮ್ಮೆ ಓದಿದರೆ ಸಾಕಾದ ಕೆಲಸಕ್ಕೆ ಅದಕ್ಕಿಂತ ಸರಳವಾದದ್ದು ಬೇಕಿಲ್ಲ. ಎಮರ್ಜೆನ್ಸಿ ಸ್ಟಾಪ್ ಗುಂಡಿ ಮಾತ್ರ ಎರಡಕ್ಕೂ ಸೇರಿಲ್ಲ. ಅದರ ತಂತಿ ನೇರವಾಗಿ ಮೋಟರುಗಳ ಕರೆಂಟನ್ನೇ ಕಡಿಯುತ್ತದೆ.