ಮನೆ ಖಾಲಿ ಮಾಡುವಾಗ ಸಬ್ ಮೀಟರ್ ಫೋಟೋ ನಂಬಿ ನಾನು ಮೋಸ ಹೋದೆ, ನೀವು ಹೋಗಬೇಡಿ

ಎಂಟುನೂರು ರೂಪಾಯಿ. ಬರೀ ಎಂಟುನೂರು ರೂಪಾಯಿಗೆ ಇಷ್ಟುದ್ದ ಬರೀತಾನಲ್ಲ ಅಂತ ನಗಬಹುದು, ನಗಿ. ನಾನು ಲೆಕ್ಕಪತ್ರದ ಕೆಲಸದವನು. ದಿನವಿಡೀ ಬೇರೆಯವರ ಅಂಕಿ ತಿದ್ದುತ್ತೇನೆ. ನನ್ನದೇ ಮೀಟರಿನ ಅಂಕಿ ಓದೋಕೆ ಬರಲಿಲ್ಲ. ಹೊಟ್ಟೆ ಉರಿಯುತ್ತಿರುವುದು ಅದಕ್ಕೇ.

ಬೆಂಗಳೂರಿನಲ್ಲಿ ಬಾಡಿಗೆಗಿದ್ದವರಿಗೆ ಇದೆಲ್ಲ ಗೊತ್ತೇ ಇದೆ. ಕೆಳಗೆ ಓನರ್, ಮೇಲೆ ಎರಡು ಬಾಡಿಗೆ ಮನೆ, ನಮಗೆ ಒಂದೊಂದು ಸಬ್ ಮೀಟರ್. ಯೂನಿಟ್‌ಗೆ 10 ರೂಪಾಯಿ ಅಂತ ಅವರೇ ಹಾಕಿದ ರೇಟು. ತಿಂಗಳ ಕೊನೆಗೆ ಓನರ್ ಅಂಕಲ್ ಮಗ ಮೀಟರ್ ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಿದ್ದ, ನಾನು ದುಡ್ಡು ಕಳಿಸುತ್ತಿದ್ದೆ. ಒಂದೂವರೆ ವರ್ಷ ಹೀಗೇ ನಡೆಯಿತು. ಮೀಟರ್ ಇರುವುದು ಮೆಟ್ಟಿಲಿನ ಗೋಡೆಯಲ್ಲಿ, ಕೈಗೆ ಎಟುಕದಷ್ಟು ಮೇಲೆ. ಅವನು ಕೆಳಗಿನ ಮೆಟ್ಟಿಲಲ್ಲೇ ನಿಂತು ಫೋನ್ ಮೇಲೆತ್ತಿ ಕ್ಲಿಕ್ ಮಾಡುತ್ತಿದ್ದ. ಫೋಟೋ ಯಾವಾಗಲೂ ಓರೆ.

ಮನೆ ಖಾಲಿ ಮಾಡಿದ ದಿನ ಸಾಮಾನಿನ ಗಾಡಿ ಬಾಗಿಲಲ್ಲಿ ನಿಂತಿತ್ತು. ಅಡ್ವಾನ್ಸ್‌ನಲ್ಲಿ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದರು. ಅದು ಮಾಮೂಲಿ, ಅದಕ್ಕೆ ನನ್ನ ತಕರಾರಿಲ್ಲ. ಆಮೇಲೆ ಕರೆಂಟು. ಮಗ ಫೋಟೋ ಕಳಿಸಿದ. ಕೆಳಗೆ ‘1386’ ಅಂತ ಬರೆದಿದ್ದ. ಹಿಂದಿನ ತಿಂಗಳದ್ದು 1238. ಅಂದರೆ 148 ಯೂನಿಟ್, 1480 ರೂಪಾಯಿ. ನಮ್ಮ ಮನೆಗೆ ತಿಂಗಳಿಗೆ 65, ಹೆಚ್ಚೆಂದರೆ 75 ಬರುತ್ತಿತ್ತು.

“ಅಂಕಲ್, ಈ ಸಲ ಡಬಲ್ ಬಂದಿದೆಯಲ್ಲ?” ಅಂದೆ.

“ಖಾಲಿ ಮಾಡುವ ತಿಂಗಳು ಹಾಗೇ ಬರುತ್ತಪ್ಪ. ರಾತ್ರಿಯೆಲ್ಲ ಲೈಟ್ ಹಾಕಿಕೊಂಡು ಪ್ಯಾಕಿಂಗ್ ಮಾಡಿದ್ದೀರಲ್ಲ” ಅಂದರು.

ಫೋಟೋ ನೋಡಿದೆ. 8 ಇದ್ದ ಹಾಗೇ ಇತ್ತು. ‘ಸರಿ ಅಂಕಲ್’ ಅಂತ ಟೈಪ್ ಮಾಡಿ, ಹೆಬ್ಬೆರಳೂ ಒತ್ತಿದೆ. ಆ ಹೆಬ್ಬೆರಳು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಎರಡು ದಿನ ಬಿಟ್ಟು, ಹೊಸ ಮನೆಯಲ್ಲಿ ಲೆಕ್ಕ ಬರೆಯುತ್ತಾ ಆ ಫೋಟೋ ದೊಡ್ಡದು ಮಾಡಿ ನೋಡಿದೆ. ಆಗ ಕಂಡಿತು. ನಮ್ಮ ಮೀಟರಿನಲ್ಲಿ ಅಂಕಿ ಒಂದು ಸೊನ್ನೆಯಿಂದ ಶುರುವಾಗುತ್ತದೆ, 01238 ಅಂತ, ಆಮೇಲೆ ಚುಕ್ಕಿ ಮತ್ತು ಒಂದು ಅಂಕಿ. ಫೋಟೋದಲ್ಲಿ ಆ ಮೊದಲ ಸೊನ್ನೆಯ ಹೊಟ್ಟೆಯಲ್ಲೂ ಒಂದು ಅಡ್ಡಗೆರೆ ಇತ್ತು! ಅದೂ 8ರ ಹಾಗೇ ಕಾಣುತ್ತಿತ್ತು. ಅದು 8 ಆದರೆ ರೀಡಿಂಗ್ ಎಂಬತ್ತು ಸಾವಿರ ದಾಟಬೇಕು. ಯಾರೂ ಹಾಗೆ ಓದಲಿಲ್ಲ. ಅಲ್ಲಿ ಅದು ಸೊನ್ನೆ. ಅದೇ ಗೆರೆ, ಅಷ್ಟೇ ಮಸುಕು, ಹತ್ತರ ಸ್ಥಾನದಲ್ಲಿ ಬಂದಾಗ ಮಾತ್ರ ಎಂಟು! ಪಕ್ಕದ 1ರ ಎಡಗಡೆಯೂ ನೆರಳು ನೆರಳಾಗಿ ಗೆರೆಗಳಿದ್ದವು. ನಿಜವಾದ ರೀಡಿಂಗ್ 1306. ಅಂದರೆ 68 ಯೂನಿಟ್. ನಾನು ಕೊಡಬೇಕಿದ್ದದ್ದು 680.

ಇದು ಯಾಕೆ ಹೀಗೆ ಅಂದರೆ, ಈ ಬೂದು ಬಣ್ಣದ ಎಲ್‌ಸಿಡಿಯಲ್ಲಿ ಪ್ರತಿ ಅಂಕಿಗೂ ಏಳು ಗೆರೆ ಇರುತ್ತವೆ. ಏಳೂ ಕಪ್ಪಾದರೆ 8. ನಡುವಿನದೊಂದು ಬಿಟ್ಟು ಉಳಿದ ಆರು ಕಪ್ಪಾದರೆ 0. ಹಲವು ಗೆರೆಗಳಿಗೆ ಸೇರಿ ಒಂದೇ ತಂತಿ ಇರುವುದರಿಂದ, ಆಫ್ ಇರುವ ಗೆರೆಗೂ ಸ್ವಲ್ಪ ವೋಲ್ಟೇಜ್ ಹೋಗುತ್ತಲೇ ಇರುತ್ತದೆ. ನೇರ ನೋಡಿದರೆ ಅದು ಕಾಣುವುದಿಲ್ಲ. ಒಂದು ಕಡೆಯಿಂದ ತುಂಬಾ ಓರೆಯಾಗಿ ನೋಡಿದರೆ ಆ ಗೆರೆಯೂ ಕಪ್ಪಗಾಗುತ್ತದೆ. ಎದುರು ಕಡೆಯಿಂದ ನೋಡಿದರೆ ಉಲ್ಟಾ, ಇರುವ ಅಂಕಿಯೇ ಮಾಸಿ ಹೋಗುತ್ತದೆ. ಯಾವ ಕಡೆಯಿಂದ ಏನಾಗುತ್ತದೆ ಅನ್ನುವುದು ಡಿಸ್ಪ್ಲೇ ಯಾವ ಕೋನಕ್ಕೆ ಮಾಡಿದ್ದು ಅನ್ನುವುದರ ಮೇಲೆ. ನಮ್ಮದರಲ್ಲಿ ಕೆಳಗಿನಿಂದ ನೋಡಿದರೆ ಎಲ್ಲ ಅಂಕಿಯೂ ಎಂಟಾಗಲು ಹೊರಡುತ್ತದೆ. ಮೇಲೆ ವಾಟ್ಸಾಪ್ ಬೇರೆ ಫೋಟೋ ಒತ್ತಿ ಚಿಕ್ಕದು ಮಾಡುತ್ತದೆ. ಮಸುಕು ಗೆರೆಗೂ ಗಟ್ಟಿ ಗೆರೆಗೂ ಇದ್ದ ಅಷ್ಟಿಷ್ಟು ವ್ಯತ್ಯಾಸವೂ ಹೋಯಿತು.

ಒಂದೂವರೆ ವರ್ಷ ಯಾಕೆ ಗೊತ್ತಾಗಲಿಲ್ಲ ಅಂದರೆ, ಒಂದು ತಿಂಗಳು ತಪ್ಪಿ ಜಾಸ್ತಿ ಓದಿದರೆ ಮುಂದಿನ ತಿಂಗಳು ಅಷ್ಟೇ ಕಡಿಮೆ ಬರುತ್ತದೆ. ಲೆಕ್ಕ ತಾನಾಗಿ ಸರಿಹೋಗುತ್ತದೆ. ಖಾಲಿ ಮಾಡುವ ದಿನದ ರೀಡಿಂಗ್‌ಗೆ ಮಾತ್ರ ಮುಂದಿನ ತಿಂಗಳು ಇಲ್ಲ.

ಫೋನ್ ಮಾಡಿದೆ. “ನೀವೇ ಸರಿ ಅಂದಿರಲ್ಲ, ಮೆಸೇಜ್ ಇದೆ” ಅಂದರು. ಮೊದಲ ಸೊನ್ನೆಯ ವಿಷಯ ಹೇಳಿದೆ. “ಅದು ಸೊನ್ನೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತೆ” ಅಂದರು. ಹಾಗಾದರೆ ಇದು? “ಇದು ಎಂಟು. ಫೋಟೋದಲ್ಲಿ ಕಾಣ್ತಾ ಇದೆಯಲ್ಲಪ್ಪ.” ಅಷ್ಟೇ ಉತ್ತರ. ಮತ್ತೆ ಕೇಳಿದೆ. ಮತ್ತೆ ಅದೇ, ಕಾಣ್ತಾ ಇದೆಯಲ್ಲಪ್ಪ.

ಇಲ್ಲಿಯವರೆಗೆ ಅವರದೂ ಕಣ್ತಪ್ಪು ಇರಬಹುದು ಅಂದುಕೊಂಡಿದ್ದೆ. ವಯಸ್ಸಾದವರು, ಹೋಗಲಿ. ಮುಂದಿನ ವಾರ ನನ್ನದೊಂದು ಕೊರಿಯರ್ ಹಳೇ ವಿಳಾಸಕ್ಕೆ ಹೋಗಿತ್ತು. ತರಲು ಹೋದಾಗ ಹೊಸದಾಗಿ ಬಂದ ಹುಡುಗ ಸಿಕ್ಕ. ಮೀಟರ್ ಫೋಟೋ ಕಳಿಸಿದ್ದಾರಾ ಅಂತ ಸುಮ್ನೆ ಕೇಳಿದೆ. ತೋರಿಸಿದ. ಅದೇ ಫೋಟೋ. ನನಗೆ ಕಳಿಸಿದ ಅದೇ ಓರೆ ಫೋಟೋ, ಮೂಲೆಯಲ್ಲಿ ಓನರ್ ಮಗನದೇ ಹೆಬ್ಬೆರಳಿನ ನೆರಳು. ಕೆಳಗೆ ‘ಸ್ಟಾರ್ಟಿಂಗ್ 1306’ ಅಂತ ಬರೆದಿದ್ದ.

ಒಂದೇ ಫೋಟೋ. ನನಗೆ ಎಂಟು, ಅವನಿಗೆ ಸೊನ್ನೆ. ಅವನಿಗೂ 1386 ಅಂತಲೇ ಹೇಳಿದ್ದರೆ ಆ 80 ಯೂನಿಟ್ ಅವನಿಗೆ ಬಿಟ್ಟಿ ಸಿಗುತ್ತಿತ್ತು, ಓನರ್‌ಗೆ ಏನೂ ಉಳಿಯುತ್ತಿರಲಿಲ್ಲ. ಗೊತ್ತಿದ್ದೇ ಮಾಡಿದ್ದಾರೆ. ಮೆಟ್ಟಿಲಲ್ಲಿ ಹಾಗೇ ನಿಂತುಬಿಟ್ಟೆ. ಆಮೇಲೆ ಆ ಹುಡುಗನ ಕುರ್ಚಿ ಇಸಿದುಕೊಂಡು ಹತ್ತಿ ಮೀಟರ್ ನೇರ ನೋಡಿದೆ. 1319. ಮೀಟರ್ 1386ರಿಂದ ಹಿಂದಕ್ಕೆ ಓಡುತ್ತಾ?

ಅಂಕಲ್‌ಗೆ ಎರಡೂ ಮೆಸೇಜ್ ತೋರಿಸಿದೆ. “ಅದೆಲ್ಲ ಮಗ ನೋಡಿಕೊಳ್ಳೋದು.” ಮಗನಿಗೆ ಕೇಳಿದರೆ “ಅಪ್ಪನ ಹತ್ತಿರ ಮಾತಾಡಿ ಅಣ್ಣ.” ಕೊನೆಗೆ ಆಂಟಿ ಹೊರಗೆ ಬಂದು “ಎಂಟುನೂರು ರೂಪಾಯಿಗೆ ಮನೆ ಬಾಗಿಲಿಗೆ ಬಂದು ಜಗಳನಾ? ಒಂದೂವರೆ ವರ್ಷ ಮಗನ ಹಾಗೆ ನೋಡಿಕೊಂಡಿದ್ದೀವಿ” ಅಂದರು. ಕಳ್ಳ ನಾನೇ ಅನ್ನಿಸಿಬಿಟ್ಟಿತು. ದುಡ್ಡು ಇವತ್ತಿಗೂ ಬಂದಿಲ್ಲ.

ಕೊನೆಯ ರೀಡಿಂಗ್ ನೀವೇ ತೆಗೆಯಿರಿ. ಸ್ಟೂಲ್ ಹಾಕಿ, ಡಿಸ್ಪ್ಲೇ ಕಣ್ಣಿನ ಮಟ್ಟಕ್ಕೆ ಬರಲಿ. ಹತ್ತೋಕೆ ಆಗದಿದ್ದರೆ ವಿಡಿಯೋ ಮಾಡಿ, ಫೋನ್ ಮೇಲೆ ಕೆಳಗೆ ನಿಧಾನವಾಗಿ ಆಡಿಸಿ. ಸುಳ್ಳು ಗೆರೆ ಕೋನದ ಜೊತೆ ಬಂದು ಹೋಗುತ್ತದೆ, ನಿಜವಾದ ಗೆರೆ ನೇರ ಬಂದಾಗಲೂ ಗಟ್ಟಿಯಾಗಿ ನಿಲ್ಲುತ್ತದೆ. ಬೇರೆಯವರು ಓರೆ ಫೋಟೋ ಕಳಿಸಿದರೆ ಮೊದಲು ಎಡಗಡೆಯ ಸೊನ್ನೆ ನೋಡಿ, 1 ಇದ್ದರೆ ಅದನ್ನೂ ನೋಡಿ. ಅವುಗಳಲ್ಲೇ ಇಲ್ಲದ ಗೆರೆ ಕಾಣುತ್ತಿದ್ದರೆ ಆ ಫೋಟೋದ ಯಾವ ಎಂಟನ್ನೂ ನಂಬಬೇಡಿ. ಗಾಡಿ ಕಾಯುತ್ತಿದ್ದರೆ ಕಾಯಲಿ. ಹೆಬ್ಬೆರಳು ಒತ್ತಬೇಡಿ.

ಹೊಸ ಮನೆಯಲ್ಲಿ ಮೊದಲ ದಿನವೇ ಓನರ್ ಹತ್ತಿರ ಸ್ಟೂಲ್ ಕೇಳಿದೆ. “ಫೋಟೋ ಕಳಿಸ್ತೀನಲ್ಲ ಸಾರ್” ಅಂದರು. ಬೇಡ ಅಂದೆ. ಮುಖ ಸಣ್ಣದು ಮಾಡಿಕೊಂಡೇ ತಂದುಕೊಟ್ಟರು.